ಮಾರ್ಫಿನ್ ಮಾತ್ರೆ ಮನೆಗೆ ಬಂದಾಗ: ಮಂಪರು, ಮಲಬದ್ಧತೆ ಮತ್ತು 'ಚಟ' ಎಂಬ ಭಯ



ಹಬ್ಬದ ದಿನ ಗಸಗಸೆ ಪಾಯಸ ಕುಡಿದು "ಕಣ್ಣು ಎಳೀತದೆ" ಅಂತ ಗೋಡೆಗೆ ಒರಗುವ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ಗಲ್ಫ್‌ಗೆ ಹೊರಟ ಮಗನ ಪೆಟ್ಟಿಗೆಯಲ್ಲಿ ಮಸಾಲೆ ಇಡುವಾಗ "ಗಸಗಸೆ ಮಾತ್ರ ಬೇಡ, ಏರ್‌ಪೋರ್ಟಲ್ಲಿ ಹಿಡೀತಾರೆ" ಎಂಬ ಎಚ್ಚರಿಕೆಯೂ ಗೊತ್ತು. ಕಾರಣ ಇಷ್ಟೆ: ಗಸಗಸೆ ಬರುವ ಗಿಡವೇ ಅಫೀಮಿನ ಗಿಡ. ಬೀಜದಲ್ಲಿ ಮತ್ತಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದರ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಆ ಅಫೀಮಿನಿಂದ ಬೇರ್ಪಡಿಸಿದ ಔಷಧಿ ಮಾರ್ಫಿನ್.

ಮಾರ್ಫಿನ್, ಕೊಡೀನ್, ಟ್ರಮಡಾಲ್, ಫೆಂಟನಿಲ್, ಬ್ಯುಪ್ರೆನಾರ್ಫಿನ್ ಇವೆಲ್ಲ ಒಂದೇ ಕುಟುಂಬ. ಇವಕ್ಕೆ ಓಪಿಯಾಯ್ಡ್ ನೋವುನಿವಾರಕಗಳು ಎನ್ನುತ್ತಾರೆ. ಕ್ಯಾನ್ಸರ್ ಇರುವ ಮನೆಗೆ ಈ ಮಾತ್ರೆ ಬಂದ ದಿನ ನೋವಿಗಿಂತ ದೊಡ್ಡದಾಗಿ ಒಂದು ಭಯವೂ ಮನೆಯೊಳಗೆ ಬರುತ್ತದೆ. ಆ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಮಾತ್ರೆ ಕಪಾಟಿನಲ್ಲಿ ಉಳಿದು, ರೋಗಿ ರಾತ್ರಿಯಿಡೀ ನರಳುತ್ತಾರೆ. ಇಂದು ಆ ವಿಷಯ.

*ಚೆಂಬೂರಿನ ಒಂದು ಮನೆ*

ಅರ್ಥವಾಗಲಿ ಅಂತ ಒಂದು ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇದು ಯಾರೊಬ್ಬರ ಮನೆಯೂ ಅಲ್ಲ. ಆದರೆ ಇದರಲ್ಲಿ ನಡೆಯುವುದೆಲ್ಲ ಅನೇಕ ಮನೆಗಳಲ್ಲಿ ನಡೆಯುವಂಥದ್ದೇ.

ಕುಂದಾಪುರ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿದು, ಚೆಂಬೂರಿನಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡವರು. ಈಗ ಅರವತ್ತೆಂಟು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಸೊಂಟದ ಮೂಳೆಗೆ ಇಳಿದಿದೆ. ಸಾಮಾನ್ಯ ನೋವಿನ ಮಾತ್ರೆಗಳಿಂದ ಏನೂ ಆಗುತ್ತಿಲ್ಲ. ಮಗ್ಗುಲು ಬದಲಿಸಲೂ ಆಗದೆ ಮೂರು ವಾರದಿಂದ ಸರಿಯಾಗಿ ಮಲಗಿಲ್ಲ. ವೈದ್ಯರು ಮಾರ್ಫಿನ್ 10 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ಒಂದೊಂದು. ರಾತ್ರಿ 10ಕ್ಕೆ ಎರಡು, ನಡುರಾತ್ರಿ ಏಳಬೇಕಾಗದಿರಲಿ ಅಂತ. ದಿನಕ್ಕೆ ಒಟ್ಟು 60 ಮಿಲಿಗ್ರಾಂ. ಜೊತೆಗೆ ಮಲ ಸಡಿಲವಾಗಲು ಇನ್ನೊಂದು ಔಷಧಿ.

ಗಡಿಯಾರ ನೋಡಿ ಯಾಕೆ ಕೊಡಬೇಕು? ಈ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಮಾತ್ರ. ನೋವು ಬಂದ ಮೇಲೆ ಕೊಡೋಣ ಎಂದು ಕಾದರೆ, ನುಂಗಿದ ಮಾತ್ರೆ ಕೆಲಸ ಶುರು ಮಾಡಲು ಅರ್ಧ ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ನೋವು ತಲೆಗೇರಿರುತ್ತದೆ. ದೋಸೆ ಕಾವಲಿ ಪೂರ್ತಿ ತಣ್ಣಗಾದ ಮೇಲೆ ಮತ್ತೆ ಬಿಸಿ ಮಾಡುವುದಕ್ಕಿಂತ ಉರಿಯನ್ನು ಒಂದೇ ಹದದಲ್ಲಿ ಇಡುವುದು ಸುಲಭ ಅಂತ ಹೋಟೆಲಿನವರಿಗೆ ಹೇಳಿಕೊಡಬೇಕಿಲ್ಲ.

*ನೋವು ಹೇಗೆ ತಗ್ಗುತ್ತದೆ?*

ಸೊಂಟದ ಮೂಳೆಯಲ್ಲಿ ಹುಟ್ಟಿದ ನೋವಿನ ಸುದ್ದಿ ನರದ ಮೂಲಕ ಬೆನ್ನುಹುರಿಗೆ ಬರುತ್ತದೆ. ಅಲ್ಲಿ ಮೊದಲನೇ ನರ ರಾಸಾಯನಿಕಗಳನ್ನು ಬಿಡುಗಡೆ ಮಾಡಿ ಎರಡನೇ ನರವನ್ನು ಎಬ್ಬಿಸುತ್ತದೆ. ಎರಡನೇ ನರ ಸುದ್ದಿಯನ್ನು ಮೆದುಳಿಗೆ ಒಯ್ಯುತ್ತದೆ. ಅಂದರೆ ಬೆನ್ನುಹುರಿಯಲ್ಲಿ ಗಾಡಿ ಬದಲಿಸುವ ಒಂದು ಜಂಕ್ಷನ್ ಇದೆ, ನಮ್ಮ ಕುರ್ಲಾ ಇದ್ದ ಹಾಗೆ.

ಈ ಜಂಕ್ಷನ್ನಿನ ನರಗಳ ಮೈಮೇಲೆ ಓಪಿಯಾಯ್ಡ್ ಗ್ರಾಹಕಗಳು ಎಂಬ ಬೀಗಗಳಿವೆ. ನಮ್ಮ ದೇಹವೇ ತಯಾರಿಸುವ ಎಂಡಾರ್ಫಿನ್ ಎಂಬ ವಸ್ತುಗಳು ಅವುಗಳ ಕೀಲಿಕೈ. ಮಾರ್ಫಿನ್ ಆ ಕೀಲಿಕೈಯ ನಕಲು. ಅದು ಬೀಗಕ್ಕೆ ಕೂತರೆ ಮೊದಲನೇ ನರ ಬಿಡುವ ರಾಸಾಯನಿಕ ಕಡಿಮೆಯಾಗುತ್ತದೆ, ಎರಡನೇ ನರ ಸುಲಭಕ್ಕೆ ಏಳುವುದಿಲ್ಲ. ಮೆದುಳಿನಲ್ಲೂ ಇಂಥ ಗ್ರಾಹಕಗಳಿವೆ. ಅಲ್ಲಿ ಮಾರ್ಫಿನ್ ನೋವಿನ 'ಹಿಂಸೆ'ಯನ್ನು ತಗ್ಗಿಸುತ್ತದೆ. ಅದಕ್ಕೇ ಹಲವು ರೋಗಿಗಳು "ನೋವು ಇದೆ ಅಂತ ಗೊತ್ತಾಗ್ತದೆ, ಆದರೆ ಅದು ನನ್ನನ್ನು ತಿನ್ನೋದಿಲ್ಲ" ಎನ್ನುತ್ತಾರೆ.

ಮಾರ್ಫಿನ್ ಕ್ಯಾನ್ಸರನ್ನು ವಾಸಿ ಮಾಡುವುದಿಲ್ಲ, ಹೆಚ್ಚಿಸುವುದೂ ಇಲ್ಲ. ಆದರೆ ಅದರ ಬೀಗಗಳು ಬೆನ್ನುಹುರಿಯಲ್ಲಿ ಮಾತ್ರ ಇಲ್ಲ. ನಮ್ಮನ್ನು ಎಚ್ಚರವಾಗಿಡುವ ಭಾಗದಲ್ಲಿ, ಉಸಿರಾಟ ನಡೆಸುವ ಭಾಗದಲ್ಲಿ, ಕರುಳಿನ ಗೋಡೆಯಲ್ಲೂ ಇವೆ. ತೊಂದರೆಗಳೆಲ್ಲ ಅಲ್ಲಿಂದ ಹುಟ್ಟುತ್ತವೆ.

*ಮೊದಲ ಭಯ: "ಮಾವ ಏಳುತ್ತಲೇ ಇಲ್ಲ"*

ಮೊದಲ ಎರಡು ದಿನ ಅವರು ಬರೀ ಮಲಗಿದರು. ಸೊಸೆಗೆ ಗಾಬರಿ. ಮೂರನೇ ದಿನ ತಾನಾಗಿಯೇ ಎರಡು ಹೊತ್ತಿನ ಮಾತ್ರೆ ತಪ್ಪಿಸಿದರು. ಸಂಜೆ ಹೊತ್ತಿಗೆ ಮಾವ ಮತ್ತೆ ಹಲ್ಲು ಕಚ್ಚಿಕೊಂಡು ನರಳತೊಡಗಿದರು.

ಈ ಮಂಪರಿಗೆ ಎರಡು ಕಾರಣ. ಒಂದು, ಎಚ್ಚರ ಕಾಯುವ ನರಗಳನ್ನು ಮಾರ್ಫಿನ್ ಸ್ವಲ್ಪ ತಣಿಸುತ್ತದೆ. ಮೆದುಳು ಇದಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಮೂರರಿಂದ ಐದು ದಿನಗಳಲ್ಲಿ, ಕೆಲವರಲ್ಲಿ ಒಂದು ವಾರದಲ್ಲಿ ಮಂಪರು ಕಡಿಮೆಯಾಗುತ್ತದೆ. ಶುರುವಿನ ವಾಕರಿಕೆಯೂ ಹಾಗೆಯೇ ಹೋಗುತ್ತದೆ. ಎರಡು, ಮೂರು ವಾರದ ಬಾಕಿ ನಿದ್ದೆ. ನೋವು ಬಿಟ್ಟುಕೊಟ್ಟ ಮೊದಲ ದಿನ ದೇಹ ಆ ಸಾಲ ತೀರಿಸುತ್ತದೆ.

ಒಳ್ಳೆಯ ನಿದ್ದೆಯನ್ನೂ ಅಪಾಯದ ನಿದ್ದೆಯನ್ನೂ ಬೇರೆ ಮಾಡುವುದು ಹೇಗೆ? ಹೆಸರು ಹಿಡಿದು ಕರೆಯಿರಿ, ಭುಜ ಅಲುಗಾಡಿಸಿ. ಕಣ್ಣು ಬಿಟ್ಟು, "ಏನು?" ಅಂತ ಕೇಳಿ, ನೀರು ಕುಡಿದು ಮತ್ತೆ ಮಲಗಿದರೆ ಅದು ನಿದ್ದೆ. ಎಷ್ಟು ಅಲುಗಾಡಿಸಿದರೂ ಏಳದಿದ್ದರೆ, ಮಾತು ನಡುವೆಯೇ ಮತ್ತೆ ಮತ್ತೆ ಜಾರಿದರೆ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗಿ ಉಸಿರು ತೀರಾ ನಿಧಾನವಾದರೆ ಅದು ನಿದ್ದೆಯಲ್ಲ. ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ ಸಾಮಾನ್ಯವಾಗಿ 12ರಿಂದ 20. ಎಂಟಕ್ಕಿಂತ ಕಡಿಮೆಯಿದ್ದರೆ, ತುಟಿ ನೀಲಿಯಾದರೆ ಅಥವಾ ಎಬ್ಬಿಸಲು ಆಗದಿದ್ದರೆ ಮುಂದಿನ ಮಾತ್ರೆ ಕೊಡಬೇಡಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ನ್ಯಾಲಾಕ್ಸೋನ್ ಎಂಬ ಇಂಜೆಕ್ಷನ್ ಮಾರ್ಫಿನನ್ನು ಬೀಗದಿಂದ ಕಿತ್ತು ತೆಗೆಯುತ್ತದೆ.

ಹೊಂದಿಕೊಂಡು ಚೆನ್ನಾಗಿದ್ದವರಿಗೆ ಇದ್ದಕ್ಕಿದ್ದಂತೆ ಮಂಪರು ಹೆಚ್ಚಿದರೆ ಮೂರು ವಿಷಯ ನೋಡಿ. ಮೂತ್ರ ಕಡಿಮೆಯಾಗಿದೆಯೇ? ಮಾರ್ಫಿನ್ ದೇಹದಲ್ಲಿ ಮಾರ್ಪಟ್ಟು ಕಿಡ್ನಿಯ ಮೂಲಕ ಹೋಗುತ್ತದೆ. ವಾಂತಿ, ಜ್ವರ, ಬೇಸಿಗೆಯ ಬೆವರಿನಿಂದ ನೀರು ಕಡಿಮೆಯಾಗಿ ಕಿಡ್ನಿ ಸೋತರೆ ಅದು ಒಳಗೇ ಶೇಖರವಾಗುತ್ತದೆ. ಕೈಕಾಲು ಪಟಕ್ಕನೆ ಹಾರುವುದು, ಇಲ್ಲದ್ದು ಕಾಣುವುದು ಇದರ ಗುರುತು. ಎರಡನೆಯದು, ನಿದ್ದೆ ಮಾತ್ರೆ, ನರದ ನೋವಿನ ಮಾತ್ರೆ ಅಥವಾ ಮದ್ಯ ಜೊತೆಗೆ ಸೇರಿದೆಯೇ? ಇವೆಲ್ಲ ಉಸಿರಾಟವನ್ನು ಒಟ್ಟಾಗಿ ತಗ್ಗಿಸುತ್ತವೆ. ಮೂರನೆಯದು, ನೋವೇ ಕಡಿಮೆಯಾಗಿದೆಯೇ? ಹಾಗಿದ್ದರೆ ನಿನ್ನೆ ಸರಿಯಿದ್ದ ಪ್ರಮಾಣ ಇವತ್ತು ಹೆಚ್ಚಾಗಿರಬಹುದು. ಮೂರರಲ್ಲಿ ಯಾವುದಿದ್ದರೂ ಅದೇ ದಿನ ವೈದ್ಯರಿಗೆ ಫೋನ್ ಮಾಡಿ.

*ಎರಡನೇ ತೊಂದರೆ: ಕಟ್ಟಿದ ಹೊಟ್ಟೆ*

ಮಂಪರು ಹೋಗುತ್ತದೆ, ಮಲಬದ್ಧತೆ ಹೋಗುವುದಿಲ್ಲ. ಇದನ್ನು ಮನೆಯವರು ಬಹಳ ತಡವಾಗಿ ತಿಳಿದುಕೊಳ್ಳುತ್ತಾರೆ.

ಕರುಳಿನ ಗೋಡೆಯಲ್ಲಿ ಅದರದ್ದೇ ಆದ ನರಜಾಲವಿದೆ. ಮಲವನ್ನು ಮುಂದೆ ತಳ್ಳುವ ಅಲೆಯನ್ನು ಅದು ನಡೆಸುತ್ತದೆ. ಮಾರ್ಫಿನ್ ಆ ನರಗಳ ಬೀಗಕ್ಕೆ ಕೂತರೆ ತಳ್ಳುವ ಅಲೆ ನಿಲ್ಲುತ್ತದೆ, ಕರುಳು ನಿಂತಲ್ಲೇ ಬಿಗಿಯುತ್ತದೆ. ಒಳಗೆ ಸುರಿಯಬೇಕಾದ ನೀರು ಕಡಿಮೆಯಾಗುತ್ತದೆ. ಮಲ ಹೆಚ್ಚು ಹೊತ್ತು ಅಲ್ಲೇ ಕೂರುವುದರಿಂದ ಇದ್ದ ನೀರನ್ನೂ ಕರುಳು ಹೀರಿಕೊಳ್ಳುತ್ತದೆ. ಗುದದ್ವಾರದ ಸ್ನಾಯು ಬಿಗಿಯಾಗಿ, ಹೋಗಬೇಕೆಂಬ ಅನಿಸಿಕೆಯೂ ಮಂದವಾಗುತ್ತದೆ.

ಇದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿ ಇದೆ. ಭೇದಿ ನಿಲ್ಲಿಸಲು ಮೆಡಿಕಲ್‌ನಿಂದ ತರುವ ಲೋಪೆರಮೈಡ್ ಗುಳಿಗೆ ಇದೇ ಓಪಿಯಾಯ್ಡ್ ಕುಟುಂಬದ್ದು. ಸರಿಯಾದ ಪ್ರಮಾಣದಲ್ಲಿ ಅದು ಮೆದುಳಿಗೆ ಹೋಗದೆ ಕರುಳಿನಲ್ಲಷ್ಟೇ ಕೆಲಸ ಮಾಡುತ್ತದೆ. ಅದು ಭೇದಿ ನಿಲ್ಲಿಸುವುದೂ ಮಾರ್ಫಿನ್ ಹೊಟ್ಟೆ ಕಟ್ಟುವುದೂ ಒಂದೇ ದಾರಿಯಿಂದ. ಮೆದುಳು ಕೆಲವು ದಿನಗಳಲ್ಲಿ ಹೊಂದಿಕೊಂಡರೂ ಕರುಳು ತಿಂಗಳಾದರೂ ಹೊಂದಿಕೊಳ್ಳುವುದಿಲ್ಲ.

ಆದ್ದರಿಂದ ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿಯೂ ಶುರುವಾಗಬೇಕು, ಮಾರ್ಫಿನ್ ಇರುವಷ್ಟು ದಿನವೂ ಇರಬೇಕು. ಕರುಳನ್ನು ತಳ್ಳಿಸುವ ಔಷಧಿ ಮುಖ್ಯ. ಬಿಸಾಕೋಡಿಲ್ 5 ಮಿಲಿಗ್ರಾಂ ಮಾತ್ರೆ ರಾತ್ರಿ ಒಂದೋ ಎರಡೋ, ಅಥವಾ ಸೆನ್ನಾ, ಅಂದರೆ ಸೋನಾಮುಖಿ. ಬೇಕಾದರೆ ನೀರನ್ನು ಕರುಳಿನಲ್ಲಿ ಹಿಡಿದಿಡುವ ಲ್ಯಾಕ್ಟುಲೋಸ್ ಸಿರಪ್ ಜೊತೆಗೆ. ಪ್ರಮಾಣ ವೈದ್ಯರು ಹೇಳಿದಂತೆ. ಎರಡು ದಿನಕ್ಕೊಮ್ಮೆಯಾದರೂ ಮೆತ್ತಗೆ ಹೋಗುವಂತಿರಬೇಕು ಎಂಬುದು ಗುರಿ.

ನಮ್ಮ ಉದಾಹರಣೆಯ ಮನೆಯಲ್ಲಿ ಅತ್ತೆ "ಇನ್ನೊಂದು ಮಾತ್ರೆ ಯಾಕೆ, ಬಾಳೆಹಣ್ಣು, ಇಸಬಗೋಲು ಸಾಕು" ಎಂದರು. ಒಳ್ಳೆಯ ಮನಸ್ಸಿನ ಮಾತು, ಆದರೆ ಇಲ್ಲಿ ತಪ್ಪು. ಇಸಬಗೋಲು ಮಲದ ಗಾತ್ರ ಹೆಚ್ಚಿಸುತ್ತದೆ. ತಳ್ಳುವ ಕರುಳಿಗೆ ಅದರಿಂದ ಸಹಾಯ. ತಳ್ಳದ ಕರುಳಿನಲ್ಲಿ, ಅದೂ ನೀರು ಕಡಿಮೆ ಕುಡಿಯುವ ರೋಗಿಯಲ್ಲಿ, ಅದು ಒಳಗೇ ಗಟ್ಟಿಯಾಗಿ ಕೂರಬಹುದು. ಐದು ದಿನ ಏನೂ ಆಗಲಿಲ್ಲ. ಹೊಟ್ಟೆ ಉಬ್ಬಿತು, ಊಟ ಸೇರಲಿಲ್ಲ. ಆರನೇ ದಿನ ಸ್ವಲ್ಪ ಸ್ವಲ್ಪ ನೀರಿನಂತೆ ಸೋರತೊಡಗಿತು. "ಈಗ ಭೇದಿ" ಅಂತ ಮಗ ಭೇದಿ ನಿಲ್ಲಿಸುವ ಗುಳಿಗೆ ತರಲು ಹೊರಟರು.

ಅದು ಭೇದಿಯಲ್ಲ. ಕೆಳಗೆ ಕಲ್ಲಿನಂತೆ ಕೂತ ಮಲದ ಪಕ್ಕದಿಂದ ಮೇಲಿನ ನೀರು ಜಾರಿ ಬರುವುದು. ಹಲವು ದಿನ ಮಲ ಹೋಗದೆ ಆಮೇಲೆ ನೀರು ಸೋರಿದರೆ ಇದನ್ನೇ ಮೊದಲು ಅನುಮಾನಿಸಿ. ಭೇದಿ ನಿಲ್ಲಿಸುವ ಗುಳಿಗೆ ಕೊಟ್ಟರೆ ಬೀಗದ ಮೇಲೆ ಇನ್ನೊಂದು ಬೀಗ ಹಾಕಿದ ಹಾಗೆ. ಪುಣ್ಯಕ್ಕೆ ಸೊಸೆ ಮೊದಲು ಆಸ್ಪತ್ರೆಗೆ ಫೋನ್ ಮಾಡಿದರು. ನರ್ಸ್ ಪರೀಕ್ಷಿಸಿ ಎನಿಮಾ ಕೊಟ್ಟರು, ಬಿಸಾಕೋಡಿಲ್ ಪ್ರತಿ ರಾತ್ರಿಯ ಪಟ್ಟಿಗೆ ಸೇರಿತು. ಹೊಟ್ಟೆ ಬಿಗಿದು, ನಿಲ್ಲದ ವಾಂತಿ ಆಗಿ, ಗಾಳಿಯೂ ಹೋಗದಿದ್ದರೆ ಮಾತ್ರ ಮನೆಯಲ್ಲಿ ಯಾವ ಮದ್ದೂ ಬೇಡ, ನೇರ ಆಸ್ಪತ್ರೆಗೆ ಹೋಗಿ. ಅದು ಕರುಳೇ ಕಟ್ಟಿದ ಲಕ್ಷಣವಿರಬಹುದು.

*ಮೂರನೆಯದು: ರೈಲಿನಲ್ಲಿ ಕಂಡ 'ಚಟ'*

ಎರಡು ತಿಂಗಳು ಕಳೆಯಿತು. ಅವರು ಕೂತು ಊಟ ಮಾಡುತ್ತಾರೆ, ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಅಷ್ಟರಲ್ಲಿ ಊರಲ್ಲಿ ತಮ್ಮನ ಮಗನ ಮದುವೆ. ಕುರ್ಲಾದ ಟರ್ಮಿನಸ್‌ನಿಂದ ಮತ್ಸ್ಯಗಂಧಕ್ಕೆ ಟಿಕೆಟ್ ಆಯಿತು. ಮಗ ಮನಸ್ಸಿನಲ್ಲೇ ಲೆಕ್ಕ ಹಾಕಿದರು: "ಊರಲ್ಲಿ ನೂರು ಜನ. ಅಪ್ಪಯ್ಯ ಅಫೀಮಿನ ಮಾತ್ರೆ ತಿನ್ತಾರೆ ಅಂತ ಗೊತ್ತಾದ್ರೆ? ಈಗ ನೋವೂ ಕಡಿಮೆಯಾಗಿದೆ, ನಾಲ್ಕು ದಿನ ನಿಲ್ಲಿಸೋಣ."

ಬೆಳಿಗ್ಗೆ 10ರದ್ದೇ ಕೊನೆಯ ಮಾತ್ರೆ. ಮಧ್ಯಾಹ್ನ ರೈಲು ಹತ್ತುವಾಗಲೇ ಸೊಂಟ ಹಿಡಿಯತೊಡಗಿತ್ತು. ಕೊಂಕಣದ ಸುರಂಗಗಳ ನಡುವೆ ಕತ್ತಲಾಗುವಷ್ಟರಲ್ಲಿ ಒಂದರ ಹಿಂದೆ ಒಂದು ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು. ರಾತ್ರಿ ಮೈಯೆಲ್ಲ ರೋಮಾಂಚನ, ಬೆವರು, ಹೊಟ್ಟೆ ಹಿಂಡಿ ಭೇದಿ, ಕಾಲು ಒಂದೆಡೆ ಇಡಲಾಗದ ಚಡಪಡಿಕೆ. "ಒಂದು ಮಾತ್ರೆ ಕೊಡೋ" ಎಂದು ತಂದೆ ಕೇಳಿದಾಗ ಮಗನ ಕಣ್ಣಲ್ಲಿ ನೀರು ಬಂತು: "ಅಪ್ಪಯ್ಯನಿಗೆ ಚಟ ಹತ್ತಿಬಿಟ್ಟಿದೆ."

ಚಟ ಹತ್ತಿರಲಿಲ್ಲ. ಅಲ್ಲಿ ನಡೆದದ್ದನ್ನು ದೈಹಿಕ ಅವಲಂಬನೆ ಅಥವಾ ಒಗ್ಗಿಕೆ ಎನ್ನುತ್ತಾರೆ.

ಮೆದುಳಿನ ಕಾಂಡದಲ್ಲಿ ನಾರ್‌ಅಡ್ರಿನಲಿನ್ ಎಂಬ 'ಎಚ್ಚರಿಕೆ' ರಾಸಾಯನಿಕ ಸುರಿಸುವ ನರಗಳ ಗುಂಪಿದೆ. ಮಾರ್ಫಿನ್ ಅದನ್ನು ದಿನವೂ ಅದುಮಿ ಹಿಡಿಯುತ್ತದೆ. ಅದುಮಿದ ಸ್ಪ್ರಿಂಗಿನಂತೆ ಆ ನರಗಳು ಒಳಗಿಂದೊಳಗೇ ಹೆಚ್ಚು ಜೋರು ಕೂಡಿಸಿಕೊಂಡು ಸಮತೋಲ ಕಾಯುತ್ತವೆ. ಕೆಲವು ವಾರ ದಿನವೂ ಮಾರ್ಫಿನ್ ತೆಗೆದುಕೊಂಡವರಲ್ಲೆಲ್ಲ ಇದು ಆಗುತ್ತದೆ ಎಂದೇ ಇಟ್ಟುಕೊಳ್ಳಿ. ಕೈ ತಟ್ಟನೆ ತೆಗೆದರೆ ಸ್ಪ್ರಿಂಗ್ ಚಿಮ್ಮುತ್ತದೆ. ಸುಮಾರು ಆರರಿಂದ ಹನ್ನೆರಡು ಗಂಟೆಗಳಲ್ಲಿ ಲಕ್ಷಣ ಶುರು, ಎರಡು ಮೂರನೇ ದಿನ ಹೆಚ್ಚು, ಒಂದು ವಾರದಲ್ಲಿ ಬಹುಪಾಲು ಇಳಿತ. ಇದು ಮನಸ್ಸಿನ ದೌರ್ಬಲ್ಯವಲ್ಲ. ಅಸ್ತಮಾಕ್ಕೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ತಿಂದವರೂ ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಅವರನ್ನು ನಾವು ಚಟಗಾರರು ಎನ್ನುವುದಿಲ್ಲ.

ಚಟ, ಅಂದರೆ ವ್ಯಸನ, ಬೇರೆಯೇ ರೋಗ. ಅದು ಮೆದುಳಿನ ಬಯಕೆ ಮತ್ತು ಬಹುಮಾನದ ಜಾಲದಲ್ಲಿ ಬೇರು ಬಿಡುತ್ತದೆ. ನೋವಿಗಲ್ಲದೆ ಆ ಅನುಭವಕ್ಕಾಗಿ ಹಂಬಲ, ಇಷ್ಟೇ ಸಾಕು ಎನ್ನಲು ಆಗದಿರುವುದು, ಕೆಲಸ, ಹಣ, ಸಂಸಾರ ಹಾಳಾಗುತ್ತಿದ್ದರೂ ಬಿಡಲಾಗದಿರುವುದು ಅದರ ಗುರುತು. ಒಗ್ಗಿಕೆ ಇದ್ದವರಿಗೆಲ್ಲ ಚಟ ಇರುವುದಿಲ್ಲ.

ಬೇರೆ ಮಾಡಿ ನೋಡಲು ಒಂದು ಪ್ರಶ್ನೆ ಸಾಕು: ಔಷಧಿ ಸಿಕ್ಕಾಗ ಆ ಮನುಷ್ಯನ ಬದುಕು ದೊಡ್ಡದಾಗುತ್ತಿದೆಯೇ, ಚಿಕ್ಕದಾಗುತ್ತಿದೆಯೇ? ನಮ್ಮ ಹಿರಿಯರಿಗೆ ಮಾತ್ರೆ ಸಿಕ್ಕಾಗ ಊಟ, ಮಾತು, ಮೊಮ್ಮಗಳ ಲೆಕ್ಕ ಮರಳಿ ಬಂದವು. ಇಂಥವರು ಗಡಿಯಾರ ನೋಡಿ ಮೊದಲೇ ಮಾತ್ರೆ ಕೇಳಿದರೆ ಪ್ರಮಾಣ ನಾಲ್ಕು ಗಂಟೆಗೆ ಸಾಲುತ್ತಿಲ್ಲ ಎಂದೇ ಹೆಚ್ಚಾಗಿ ಅರ್ಥ. ವೈದ್ಯರು ಸರಿಪಡಿಸಿದರೆ ಕೇಳುವುದು ನಿಲ್ಲುತ್ತದೆ.

ಬೆಳಗಿನ ಜಾವ ಮಗ ಆಸ್ಪತ್ರೆ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರು. ಮಾತ್ರೆ ನಿಂತು ಒಂದು ದಿನವೂ ಆಗಿರಲಿಲ್ಲ. ಅದೇ ಪ್ರಮಾಣ ಮತ್ತೆ ಶುರು ಮಾಡಿ ಎಂದರು. ಯಾರಿಗೂ ಹೇಳದೆ ಅತ್ತೆ ಮಾತ್ರೆಯ ಡಬ್ಬಿಯನ್ನು ತಮ್ಮ ಚೀಲದಲ್ಲಿ ಹಾಕಿಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರು ಚಪ್ಪರದಡಿ ಕುರ್ಚಿಯಲ್ಲಿ ಕೂತಿದ್ದರು. ಒಂದು ಎಚ್ಚರಿಕೆ: ಹಲವು ದಿನ ನಿಂತಿದ್ದರೆ ಹಳೆಯ ಪ್ರಮಾಣಕ್ಕೆ ನೀವಾಗಿಯೇ ಮರಳಬೇಡಿ. ದೇಹ ಒಗ್ಗಿಕೆಯನ್ನು ಕಳೆದುಕೊಂಡಿರುತ್ತದೆ, ಹಳೆಯ ಪ್ರಮಾಣವೇ ಉಸಿರು ನಿಲ್ಲಿಸಬಹುದು.

*ಊರಿಗೆ ಹೋಗುವವರು ಗಮನಿಸಿ*

ಮಾರ್ಫಿನ್ ಎಲ್ಲ ಮೆಡಿಕಲ್‌ನಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಪರವಾನಗಿಗಳ ಗೋಜಿಗೆ ಹೆದರಿ ಆಸ್ಪತ್ರೆಗಳೇ ಅದನ್ನು ಇಡುವುದನ್ನು ಬಿಟ್ಟಿದ್ದವು. ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ನಮ್ಮ ದೇಶದಲ್ಲೇ ರೋಗಿಗಳಿಗೆ ಮಾರ್ಫಿನ್ ಸಿಗದ ಸ್ಥಿತಿಯಿತ್ತು. 2014ರ ತಿದ್ದುಪಡಿ ದಾರಿ ಸುಲಭ ಮಾಡಿತು. ಈಗ ಮಾನ್ಯತೆ ಪಡೆದ ಆಸ್ಪತ್ರೆಗಳು ಕೊಡಬಹುದು. ಆದರೂ ನಿಮ್ಮ ಊರಿನ ಹತ್ತಿರ ಸಿಗುತ್ತದೆಂದು ನಂಬಿ ಹೊರಡಬೇಡಿ. ಪ್ರಯಾಣದ ದಿನಗಳಿಗೆ ಬೇಕಾದಷ್ಟನ್ನು, ಎರಡು ದಿನ ಹೆಚ್ಚಾಗಿಯೇ, ವೈದ್ಯರಿಂದ ಬರೆಸಿಕೊಳ್ಳಿ. ಚೀಟಿಯ ಮೂಲಪ್ರತಿ ಮತ್ತು ಮಾತ್ರೆಯನ್ನು ಕೈಚೀಲದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ವಿದೇಶಕ್ಕಾದರೆ ಆ ದೇಶದ ಅನುಮತಿಯನ್ನು ಮೊದಲೇ ಕೇಳಿ.

*ಹಾಗಾದರೆ ಚಟ ಹತ್ತುವುದೇ ಇಲ್ಲವೇ?*

ಹತ್ತುತ್ತದೆ. ಅದನ್ನು ಮುಚ್ಚಿಡುವುದೂ ತಪ್ಪು. ಅಮೆರಿಕದಲ್ಲಿ 1980ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಕೆಲವೇ ಸಾಲುಗಳ ಪತ್ರವೊಂದು, ಆಸ್ಪತ್ರೆಯಲ್ಲಿ ಈ ಔಷಧಿ ಪಡೆದವರಲ್ಲಿ ವ್ಯಸನ ಅಪರೂಪ ಎಂದಿತ್ತು. ಮುಂದೆ ಅದನ್ನೇ ಆಧಾರ ಮಾಡಿಕೊಂಡು ಬೆನ್ನುನೋವು, ಮೊಣಕಾಲು ನೋವಿಗೂ ತಿಂಗಳುಗಟ್ಟಲೆ ಓಪಿಯಾಯ್ಡ್ ಬರೆದರು. ಲಕ್ಷಾಂತರ ಮನೆಗಳು ಅದರ ಬೆಲೆ ತೆತ್ತವು.

ನಮ್ಮಲ್ಲಿ ಆ ಅಪಾಯ ಹೆಚ್ಚಾಗಿ ಬರುವುದು ಟ್ರಮಡಾಲ್ ರೂಪದಲ್ಲಿ. ಹದಿನಾಲ್ಕು ಗಂಟೆ ನಿಂತು ದುಡಿಯುವ ಹುಡುಗನೊಬ್ಬ ಸೊಂಟನೋವಿಗೆ ಯಾರೋ ಕೊಟ್ಟ ಗುಳಿಗೆ ತಿನ್ನುತ್ತಾನೆ. ನೋವಿನ ಜೊತೆ ಆಯಾಸವೂ ಹೋದ ಹಾಗೆ, ಮನಸ್ಸು ಹಗುರಾದ ಹಾಗೆ ಅನಿಸುತ್ತದೆ. ಎರಡು ಇದ್ದದ್ದು ಎಂಟಾಗುತ್ತದೆ, ನೋವಿಲ್ಲದ ದಿನವೂ ಬೇಕಾಗುತ್ತದೆ. ಬೇರೆ ಬೇರೆ ವೈದ್ಯರ ಚೀಟಿ, ಮುಚ್ಚಿಡುವುದು, ಸಾಲ ಶುರುವಾಗುತ್ತದೆ. ಇವನ ಬದುಕು ಚಿಕ್ಕದಾಗುತ್ತಿದೆ. ಸಾಮಾನ್ಯವಾಗಿ ಟ್ರಮಡಾಲ್‌ಗೆ ದಿನದ ಮಿತಿ 400 ಮಿಲಿಗ್ರಾಂ, ಅದನ್ನು ಮೀರಿದರೆ ಫಿಟ್ಸ್ ಬರುವ ಅಪಾಯ ಏರುತ್ತದೆ. 2018ರಿಂದ ಅದೂ ಮಾದಕ ವಸ್ತು ಕಾಯ್ದೆಯ ಅಡಿಯಲ್ಲಿದೆ. ಇಂಥವರಿಗೆ ಬೈಗುಳಕ್ಕಿಂತ ಚಿಕಿತ್ಸೆ ಬೇಕು. ಬ್ಯುಪ್ರೆನಾರ್ಫಿನ್‌ನಂಥ ಔಷಧಿಗಳಿವೆ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446.

ಮೊದಲೇ ಮದ್ಯ ಅಥವಾ ಬೇರೆ ಚಟ ಇದ್ದವರಿಗೆ ಕ್ಯಾನ್ಸರ್ ನೋವು ಬಂದರೂ ಮಾರ್ಫಿನ್ ಕೊಡಬಹುದು. ಆದರೆ ವೈದ್ಯರಿಗೆ ವಿಷಯ ಹೇಳಿ, ಮಾತ್ರೆ ಮನೆಯವರ ಕೈಯಲ್ಲಿರಲಿ, ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ.

*ಕೊನೆಗೆ ಏನಾಯಿತು?*

ಮದುವೆ ಮುಗಿಸಿ ಬಂದ ಮೇಲೆ ಅವರ ಸೊಂಟದ ಮೂಳೆಗೆ ವಿಕಿರಣ ಚಿಕಿತ್ಸೆ ಆಯಿತು. ಅದರ ಗುಣ ಕಾಣಲು ಎರಡು ಮೂರು ವಾರ ಬೇಕು. ನೋವು ಇಳಿದಂತೆ ಹಳೆಯ ಪ್ರಮಾಣಕ್ಕೇ ಮತ್ತೆ ಮಂಪರು ಬರತೊಡಗಿತು. ಈ ಸಲ ಸೊಸೆ ತಾನಾಗಿ ತಪ್ಪಿಸಲಿಲ್ಲ, ವೈದ್ಯರಿಗೆ ಹೇಳಿದರು. ದಿನಕ್ಕೆ 60 ಇದ್ದದ್ದನ್ನು 50, ಕೆಲವು ದಿನ ಬಿಟ್ಟು 40, ಹೀಗೆ ಮೆಟ್ಟಿಲಿಳಿದು, ಕೊನೆಯಲ್ಲಿ ಅರ್ಧ ಮಾತ್ರೆಗೆ ತಂದು ನಿಲ್ಲಿಸಿದರು. ಆಕಳಿಕೆಯೂ ಇಲ್ಲ, ಭೇದಿಯೂ ಇಲ್ಲ. ಅವರು ಮತ್ತೆ ಆ ಮಾತ್ರೆ ಕೇಳಲಿಲ್ಲ. ಉಳಿದದ್ದನ್ನು ಮಗ ಆಸ್ಪತ್ರೆಗೆ ಹಿಂದಿರುಗಿಸಿದರು. ಮುಂದೆ ನೋವು ಮರಳಿದರೆ ಅದೇ ಔಷಧಿ ಮತ್ತೆ ಕೆಲಸ ಮಾಡುತ್ತದೆ. ಈಗ ಕೊಟ್ಟರೆ ಆಮೇಲೆ ನಾಟುವುದಿಲ್ಲ ಎಂಬ ಹೆದರಿಕೆಯಿಂದ ಇವತ್ತಿನ ನೋವನ್ನು ಸಹಿಸಬೇಕಾಗಿಲ್ಲ.

ಇಲ್ಲಿ ಬರೆದ ಪ್ರಮಾಣಗಳು ತಿಳಿವಳಿಕೆಗೆ ಮಾತ್ರ. ವಯಸ್ಸು, ಕಿಡ್ನಿ, ಬೇರೆ ಔಷಧಿ ನೋಡಿ ನಿಮ್ಮವರ ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು. ಮನೆಯಲ್ಲಿ ಇಂಥ ರೋಗಿ ಇರುವವರಿಗೆ, ಊರಲ್ಲಿರುವ ನಿಮ್ಮ ಅಣ್ಣ ತಮ್ಮಂದಿರಿಗೆ ಇದನ್ನು ಕಳುಹಿಸಿ. ರಾತ್ರಿ ಹೊತ್ತು ಪಕ್ಕದಲ್ಲಿ ಕೂರುವವರು ಓದಿಕೊಂಡಿರಲಿ.